ಫ್ಯಾಮಿಲಿ ಕೋರ್ಟ್ ಮೀಡಿಯೇಷನ್‌ಗೆ ರಜೆ: ಮನೆ ವಿಷಯ ಹೇಳದೆ ಕೇಳುವುದು ಹೇಗೆ?

ಓದುಗರು ಪದೇ ಪದೇ ಕೇಳುವ ಪ್ರಶ್ನೆ ಇದು. "ಫ್ಯಾಮಿಲಿ ಕೋರ್ಟಿನಲ್ಲಿ ಕೇಸಿದೆ. ಜಡ್ಜ್ ಮೀಡಿಯೇಷನ್‌ಗೆ ಕಳಿಸಿದ್ದಾರೆ. ಆಫೀಸಿನಲ್ಲಿ ಯಾರಿಗೂ ಗೊತ್ತಿಲ್ಲ, ಗೊತ್ತಾಗುವುದೂ ಬೇಡ. ರಜೆ ಅರ್ಜಿಯಲ್ಲಿ ಕಾರಣ ಅಂತ ಏನು ಬರೆಯಲಿ?"

ನಿಜ ಹೇಳಬೇಕೆಂದರೆ ಅರ್ಜಿಯ ಆ ಒಂದು ಸಾಲು ಕಷ್ಟದ್ದೇ ಅಲ್ಲ. ಅದಕ್ಕೆ ನಮ್ಮಲ್ಲಿ ಹಳೆಯ ಮಾತೇ ಇದೆ: "ಸ್ವಂತ ಕೆಲಸದ ನಿಮಿತ್ತ". ವಿಷಯ ಹೊರಗೆ ಬೀಳುವುದು ಬೇರೆ ಕಡೆಯಿಂದ. ಅರ್ಜಿಯ ಜೊತೆ ಲಗತ್ತಿಸಿದ ಕಾಗದ, ಆಫೀಸ್ ಕ್ಯಾಲೆಂಡರ್, ಸುಮ್ನೆ ಹೇಳಿದ ಒಂದು ಕೇಸ್ ನಂಬರ್, ಇಂಥವೇ ಗುಟ್ಟು ಬಿಡುತ್ತವೆ. ಹಾಗಾಗಿ ಈ ಬರಹದಲ್ಲಿ ಪತ್ರಕ್ಕಿಂತ ಅದರ ಸುತ್ತಮುತ್ತಲಿನ ವಿಷಯಗಳೇ ಜಾಸ್ತಿ ಇವೆ.

ಮೊದಲು ಎರಡು ಪದ ಬಿಡಿಸಿಕೊಳ್ಳೋಣ. ಮೀಡಿಯೇಷನ್ ಅಂದರೆ ಮಧ್ಯಸ್ಥಿಕೆ. ತರಬೇತಿ ಪಡೆದ ಒಬ್ಬ ವ್ಯಕ್ತಿ, ಹೆಚ್ಚಾಗಿ ವಕೀಲರು, ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿಕೊಂಡು ಮಾತಾಡಿಸುತ್ತಾರೆ. ತೀರ್ಪು ಕೊಡುವ ಅಧಿಕಾರ ಅವರಿಗಿಲ್ಲ. ರಾಜಿ ಆದರೆ ಬರೆದು ಕೋರ್ಟಿಗೆ ಕಳಿಸುತ್ತಾರೆ, ಆಗದಿದ್ದರೆ ಆಗಲಿಲ್ಲ ಅಂತ ಕಳಿಸುತ್ತಾರೆ. ಇನ್ನು ವಾಯಿದೆ ಅಂದರೆ ಮುಂದಿನ ದಿನಾಂಕ. ಕೋರ್ಟಿನ ವಾಯಿದೆ ಬೇರೆ, ಮೀಡಿಯೇಷನ್ ವಾಯಿದೆ ಬೇರೆ. ರಜೆ ಲೆಕ್ಕ ಹಾಕುವಾಗ ಇವೆರಡನ್ನು ಬೆರೆಸಬೇಡಿ.

ಹಂತ 1: ಎಷ್ಟು ದಿನ ಬೇಕಾಗಬಹುದು ಅಂತ ಮೊದಲೇ ಅಂದಾಜು ಮಾಡಿ

ಕರ್ನಾಟಕದ 2005ರ ಮೀಡಿಯೇಷನ್ ನಿಯಮಗಳ ಪ್ರಕಾರ ಮಧ್ಯಸ್ಥಿಕೆಗೆ 60 ದಿನದ ಗಡುವು ಇದೆ. ಕೋರ್ಟ್ ಬೇಕೆಂದರೆ ಇನ್ನೂ 30 ದಿನ ಕೊಡಬಹುದು. ಅಂದರೆ ಇದು ವರ್ಷಗಟ್ಟಲೆ ಎಳೆಯುವ ರಜೆಯಲ್ಲ, ಎರಡು ಮೂರು ತಿಂಗಳಲ್ಲಿ ಹರಡಿರುವ ಕೆಲವು ದಿನಗಳು. ಮೇಲಧಿಕಾರಿಯ ಜೊತೆ ಮಾತಾಡುವಾಗ ಈ ಲೆಕ್ಕ ನಿಮ್ಮ ಕೈಯಲ್ಲಿರಲಿ. "ಆಗಾಗ ಬೇಕಾಗುತ್ತೆ ಸಾರ್" ಅನ್ನುವುದಕ್ಕೂ "ಎರಡು ತಿಂಗಳಲ್ಲಿ ಮೂರ್ನಾಲ್ಕು ದಿನ ಸಾರ್" ಅನ್ನುವುದಕ್ಕೂ ಬಹಳ ವ್ಯತ್ಯಾಸವಿದೆ.

ಮೀಡಿಯೇಷನ್‌ನಲ್ಲಿ ಒಂದು ಅನುಕೂಲವೂ ಇದೆ. ಕೋರ್ಟಿನ ವಾಯಿದೆಯನ್ನು ಜಡ್ಜ್ ಕೊಡುತ್ತಾರೆ, ನೀವು ತಲೆಯಾಡಿಸುತ್ತೀರಿ. ಮೀಡಿಯೇಷನ್ ವಾಯಿದೆಯನ್ನು ಸಾಮಾನ್ಯವಾಗಿ ಎರಡೂ ಕಡೆಯವರನ್ನು ಕೇಳಿ ಗೊತ್ತು ಮಾಡುತ್ತಾರೆ. ಆದ್ದರಿಂದ ಒಳಗೆ ಹೋಗುವ ಮುಂಚೆಯೇ ಆಫೀಸಿನ ತಿಂಗಳ ಕೊನೆ, ಆಡಿಟ್, ಪರೀಕ್ಷೆ, ಶಿಫ್ಟ್ ಎಲ್ಲ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ದಿನಾಂಕ ಕೇಳಿದ ಕೂಡಲೇ "ಯಾವಾಗಾದ್ರೂ ಆಗುತ್ತೆ" ಅಂದು, ಹೊರಗೆ ಬಂದ ಮೇಲೆ ತಲೆ ಕೆರೆದುಕೊಳ್ಳುವವರೇ ಜಾಸ್ತಿ.

ಅರ್ಧ ದಿನದ ರಜೆ ಹಾಕಬೇಡಿ. ಬೆಳಿಗ್ಗೆ 11ಕ್ಕೆ ಅಂದರೂ ಆ ಕಡೆಯವರು ಬರುವವರೆಗೆ ಕಾಯಬೇಕು. ಆಮೇಲೆ ಇಬ್ಬರನ್ನೂ ಒಟ್ಟಿಗೆ ಕೂರಿಸುತ್ತಾರೆ, ನಂತರ ಒಬ್ಬೊಬ್ಬರನ್ನೇ ಬೇರೆಯಾಗಿ ಕರೆದು ಮಾತಾಡಿಸುತ್ತಾರೆ, ಮತ್ತೆ ಒಟ್ಟಿಗೆ. ಅವರ ಜೊತೆ ಮಾತು ನಡೆಯುವಾಗ ನೀವು ಹೊರಗೆ ಬೆಂಚಿನ ಮೇಲೆ. ರಾಜಿ ಕರಾರು ಬರೆದು ಸಹಿ ಹಾಕುವ ದಿನವಂತೂ ಒಂದೊಂದು ಸಾಲಿಗೂ ಚರ್ಚೆ ಆಗಿ ಸಂಜೆಯಾದರೂ ಆಶ್ಚರ್ಯವಿಲ್ಲ. ಎರಡು ಗಂಟೆಗೆ ಬರುತ್ತೇನೆ ಅಂದವರು ಮೂರು ಗಂಟೆಗೆ ಕಾರಿಡಾರಿನಿಂದ ಫೋನ್ ಮಾಡಿ ತೊದಲುವಾಗಲೇ ಆಫೀಸಿಗೆ ಕುತೂಹಲ ಹುಟ್ಟುವುದು.

ಹಂತ 2: ಯಾವ ರಜೆ ಅಂತ ಆರಿಸಿಕೊಳ್ಳಿ

ನಿಮ್ಮ ಸ್ವಂತ ಕೇಸಿಗೆ ಹೋಗುವುದು "ಆನ್ ಡ್ಯೂಟಿ" ಆಗುವುದಿಲ್ಲ. ಅದಕ್ಕೆ ನಿಮ್ಮ ಖಾತೆಯ ರಜೆಯೇ ಹೋಗಬೇಕು. ಸಿಎಲ್ (ಸಾಂದರ್ಭಿಕ ರಜೆ) ಇದ್ದರೆ ಅದೇ ಒಳ್ಳೆಯದು, ಏಕೆಂದರೆ ಅದು ಇರುವುದೇ ಇಂಥ ಬಿಡಿ ದಿನಗಳ ಕೆಲಸಕ್ಕೆ.

ಖಾಸಗಿ ಕಂಪನಿ, ಅಂಗಡಿ, ಐಟಿ ಆಫೀಸಿನವರಿಗೆ ಒಂದು ವಿಷಯ ಗೊತ್ತಿರಲಿ. ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961ರ 15ನೇ ಸೆಕ್ಷನ್‌ನಲ್ಲಿ ಗಳಿಕೆ ರಜೆಯ ಜೊತೆಗೆ ವರ್ಷಕ್ಕೆ 12 ದಿನದವರೆಗೆ ಸಂಬಳ ಸಹಿತ ರಜೆಯ ಮಾತಿದೆ. ಅದು ಬರೀ ಕಾಯಿಲೆಗೆ ಅಲ್ಲ. ಕಾಯಿಲೆ, ಅಪಘಾತ, "ಅಥವಾ ಬೇರೆ ಯಾವುದೇ ಸಮಂಜಸ ಕಾರಣ" ಎಂಬ ಅರ್ಥದಲ್ಲಿದೆ. ಕೋರ್ಟ್ ಕಳಿಸಿದ ಮೀಡಿಯೇಷನ್‌ಗಿಂತ ಸಮಂಜಸ ಕಾರಣ ಇನ್ನೇನು ಬೇಕು? ಹಾಗಂತ ಸೆಕ್ಷನ್ ನಂಬರ್ ಹಾಕಿ ಮೇಲ್ ಬರೆಯಬೇಡಿ. ಇದು ನಿಮಗೆ ಧೈರ್ಯಕ್ಕೆ ಇರಲಿ, ಅಷ್ಟೇ.

ಸಿಕ್ ಲೀವ್ ಮಾತ್ರ ಮುಟ್ಟಬೇಡಿ. ಜ್ವರ ಅಂತ ಬರೆದ ದಿನವೇ ಮೀಡಿಯೇಷನ್ ಕೇಂದ್ರದ ಹಾಳೆಯಲ್ಲಿ ನಿಮ್ಮ ಸಹಿ ಇರುತ್ತದೆ. ಆಫೀಸಿಗೆ ಸುಳ್ಳು ಹೇಳಿದ್ದು ಸಾಬೀತಾದರೆ ಅದು ಶಿಸ್ತುಕ್ರಮದ ವಿಷಯ. ಅದಕ್ಕಿಂತ ಕೆಟ್ಟದ್ದು, ಆ ಕಾಗದ ಎದುರು ಪಕ್ಷದ ವಕೀಲರ ಕೈಗೆ ಸಿಕ್ಕರೆ "ಇವರು ಸುಳ್ಳು ಹೇಳುವವರು" ಅಂತ ತೋರಿಸಲು ಅದೇ ಸಾಕು. ಸುಳ್ಳಿಗೆ ಇನ್ನೊಂದು ತೊಂದರೆಯೂ ಇದೆ. ನಾಲ್ಕು ವಾಯಿದೆಗೆ ನಾಲ್ಕು ಸುಳ್ಳು ನೆನಪಿಟ್ಟುಕೊಳ್ಳಬೇಕು. ಒಬ್ಬರೇ ಅಜ್ಜಿ ಎರಡು ಸಲ ತೀರಿಕೊಂಡ ಕಥೆ ಎಲ್ಲ ಆಫೀಸಿನಲ್ಲೂ ಒಂದಿರುತ್ತದೆ.

ಹಂತ 3: ಕಾರಣದ ಸಾಲು

ನಿಜ ಹೇಳಿ, ಆದರೆ ಕಥೆ ಹೇಳಬೇಡಿ. ಇದಕ್ಕೆ ಮೂರು ಮೆಟ್ಟಿಲಿದೆ ಅಂದುಕೊಳ್ಳಿ. ಎಷ್ಟು ಕೆಳಗಿನ ಮೆಟ್ಟಿಲಲ್ಲಿ ಕೆಲಸ ಆಗುತ್ತದೋ ಅಲ್ಲೇ ನಿಂತುಬಿಡಿ.

ಮೊದಲನೆಯದು: "ಸ್ವಂತ ಕೆಲಸ". ಒಂದೆರಡು ದಿನಕ್ಕೆ ಇದು ಧಾರಾಳವಾಗಿ ಸಾಕು.

ಎರಡನೆಯದು: "ನಾನೇ ಖುದ್ದಾಗಿ ಹಾಜರಾಗಬೇಕಾದ ಕಾನೂನು ಸಂಬಂಧಿ ಸ್ವಂತ ಕೆಲಸ". ರಜೆ ಪದೇ ಪದೇ ಬೇಕಾದಾಗ, ಅಥವಾ ಮೊದಲನೆಯದನ್ನು ಮ್ಯಾನೇಜರ್ ಒಪ್ಪದಿದ್ದಾಗ ಇದು. "ಕಾನೂನು ಸಂಬಂಧಿ" ಅನ್ನುವುದರಲ್ಲಿ ನೋಂದಣಿ, ಆಸ್ತಿ, ಸಾಕ್ಷಿ, ಬಾಡಿಗೆ ತಕರಾರು ಎಲ್ಲವೂ ಬರುತ್ತದೆ. ಯಾರೂ ನೇರವಾಗಿ ಮದುವೆಗೆ ಕೈ ಹಾಕಲಾರರು.

ಮೂರನೆಯದು: "ನ್ಯಾಯಾಲಯದ ಸೂಚನೆಯಂತೆ ಹಾಜರಾಗಬೇಕಿದೆ". ರಜೆ ನಿರಾಕರಿಸಿದಾಗ ಮಾತ್ರ. ಇಲ್ಲಿಯೂ ಬರೀ "ನ್ಯಾಯಾಲಯ". "ಕೌಟುಂಬಿಕ" ಎಂಬ ಒಂದು ಪದ ಸೇರಿದರೆ ಉಳಿದದ್ದನ್ನೆಲ್ಲ ಊಹಿಸಿಕೊಳ್ಳುತ್ತಾರೆ.

ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ. ಶೈಲಾ ಅಂತ ಕರೆಯೋಣ, ಎಲೆಕ್ಟ್ರಾನಿಕ್ ಸಿಟಿಯ ಒಂದು ಕಂಪನಿಯ ಸಪೋರ್ಟ್ ಟೀಮಿನಲ್ಲಿದ್ದಾರೆ. ಕೇಸ್ ಬೆಂಗಳೂರಿನ ಫ್ಯಾಮಿಲಿ ಕೋರ್ಟಿನಲ್ಲಿ. ಜುಲೈ 14, ಮಂಗಳವಾರ ಮೊದಲ ಮೀಡಿಯೇಷನ್. ಹತ್ತು ದಿನ ಮುಂಚೆ ಶೈಲಾ ಬರೆದ ಮೇಲ್ ಇಷ್ಟೇ:

> ನಮಸ್ಕಾರ ಸಾರ್,
> ಜುಲೈ 14, ಮಂಗಳವಾರ ನನಗೆ ಒಂದು ದಿನದ ಸಿಎಲ್ ಬೇಕು. ನಾನೇ ಖುದ್ದಾಗಿ ಹೋಗಬೇಕಾದ ಸ್ವಂತ ಕೆಲಸವಿದೆ, ದಿನ ಬದಲಿಸುವುದು ನನ್ನೊಬ್ಬಳ ಕೈಯಲ್ಲಿಲ್ಲ. ಅಂದಿನ ಟಿಕೆಟ್‌ಗಳನ್ನು ಮಧು ನೋಡಿಕೊಳ್ಳುತ್ತಾರೆ, ಸೋಮವಾರವೇ ಅವರಿಗೆ ವಿವರ ಕೊಟ್ಟಿರುತ್ತೇನೆ. ಸಂಜೆ 5ರ ನಂತರ ಫೋನಿಗೆ ಸಿಗುತ್ತೇನೆ.

ಕಾರಣಕ್ಕೆ ಒಂದೇ ವಾಕ್ಯ, ಕೆಲಸದ ಏರ್ಪಾಡಿಗೆ ಎರಡು ವಾಕ್ಯ. ಮ್ಯಾನೇಜರ್ ಕಣ್ಣು ಸಹಜವಾಗಿ ಎರಡನೆಯದರ ಮೇಲೆ ಬೀಳುತ್ತದೆ. "ಫೋನಿಗೆ ಸಿಗುತ್ತೇನೆ" ಎಂಬ ಸಾಲೂ ಸುಮ್ಮನೆ ಹಾಕಿದ್ದಲ್ಲ. ಒಳಗೆ ಮಾತು ನಡೆಯುವಾಗ ಫೋನ್ ಆಫ್ ಮಾಡಿರಬೇಕು, ಆ ಹೊತ್ತಿನಲ್ಲಿ ಆಫೀಸಿನಿಂದ ಎಂಟು ಮಿಸ್ಡ್ ಕಾಲ್ ಬರಬಾರದಲ್ಲ.

14ರಂದು ಮಾತು ಮುಗಿಯಲಿಲ್ಲ. ಮುಂದಿನ ವಾಯಿದೆ ಜುಲೈ 28, ಆಮೇಲೆ ಆಗಸ್ಟ್ 11 ಇರಬಹುದು. ಈಗ "ಸ್ವಂತ ಕೆಲಸ" ಸಾಲದು. ಅದೂ ಐಟಿಯಲ್ಲಿ ಕಾರಣ ಹೇಳದೆ ಪದೇ ಪದೇ ಒಂದೊಂದೇ ದಿನ ರಜೆ ಹಾಕಿದರೆ ಎಲ್ಲರೂ ಮಾಡುವ ಊಹೆ ಒಂದೇ: ಬೇರೆ ಕಂಪನಿಗೆ ಇಂಟರ್‌ವ್ಯೂ! ಆ ಅನುಮಾನ ನಿಮ್ಮ ಅಪ್ರೈಸಲ್‌ಗೆ ಒಳ್ಳೆಯದಲ್ಲ. ಹಾಗಾಗಿ ಎರಡನೇ ಮೆಟ್ಟಿಲು ಹತ್ತುವ ಸಮಯ ಇದು. ಬರೆಯುವುದಕ್ಕಿಂತ ಎದುರು ಕೂತು ಹೇಳುವುದು ವಾಸಿ:

"ಸಾರ್, ಒಂದು ಕಾನೂನು ಸಂಬಂಧಿ ಸ್ವಂತ ಕೆಲಸ ನಡೀತಿದೆ. ಮುಂದಿನ ಎರಡು ತಿಂಗಳಲ್ಲಿ ಇನ್ನೂ ಎರಡು ಮೂರು ದಿನ ಬೇಕಾಗಬಹುದು. ಕಂಪನಿಗೂ ಇದಕ್ಕೂ ಸಂಬಂಧ ಇಲ್ಲ. ದಿನಾಂಕ ಗೊತ್ತಾದ ತಕ್ಷಣ ಹೇಳ್ತೀನಿ."

"ಕಂಪನಿಗೂ ಇದಕ್ಕೂ ಸಂಬಂಧ ಇಲ್ಲ" ಅನ್ನುವುದನ್ನು ಬಿಡಬೇಡಿ. ಕಾನೂನು ಅಂದ ಕೂಡಲೇ ಮ್ಯಾನೇಜರ್‌ಗೆ ಮೊದಲು ಬರುವ ದಿಗಿಲು ಅದೇ.

ಸರ್ಕಾರಿ ನೌಕರರಿಗೆ ಪತ್ರ ಇನ್ನೂ ಸುಲಭ, ಏಕೆಂದರೆ ಅಲ್ಲಿನ ಭಾಷೆಯೇ ಮುಚ್ಚಿದ ಭಾಷೆ. ಆದರೆ ಬೇರೆ ಊರಿಗೆ ಹೋಗಬೇಕಾದರೆ ಕೇಂದ್ರಸ್ಥಾನ ಬಿಡುವ ಅನುಮತಿಯನ್ನೂ ಅದರಲ್ಲೇ ಕೇಳಿ. ಕೇಂದ್ರಸ್ಥಾನ ಅಂದರೆ ನೀವು ಕೆಲಸ ಮಾಡುವ ಊರು. ಹಾಸನದ ಶಿಕ್ಷಕರೊಬ್ಬರಿಗೆ ಬೆಂಗಳೂರಿನಲ್ಲಿ ವಾಯಿದೆ ಅಂದುಕೊಳ್ಳಿ:

> ವಿಷಯ: ಒಂದು ದಿನದ ಸಾಂದರ್ಭಿಕ ರಜೆ ಹಾಗೂ ಕೇಂದ್ರಸ್ಥಾನ ಬಿಡಲು ಅನುಮತಿ ಕೋರಿ.
> ಮಾನ್ಯರೇ, ಸ್ವಂತ ಕೆಲಸದ ನಿಮಿತ್ತ ದಿನಾಂಕ 14ರಂದು ನನಗೆ ಒಂದು ದಿನದ ಸಾಂದರ್ಭಿಕ ರಜೆ ಮಂಜೂರು ಮಾಡಿ, 13ರಂದು ಶಾಲಾ ಅವಧಿಯ ನಂತರ ಕೇಂದ್ರಸ್ಥಾನ ಬಿಡಲು ಅನುಮತಿ ನೀಡಬೇಕೆಂದು ಕೋರುತ್ತೇನೆ.

ಇಷ್ಟೇ. ಶಾಲೆಯ ರಜೆ ಅರ್ಜಿಗಳು ಸ್ಟಾಫ್ ರೂಮಿನ ಫೈಲಿನಲ್ಲೇ ಕೂತಿರುತ್ತವೆ, ಚಹಾ ಕುಡಿಯುತ್ತಾ ಯಾರು ಬೇಕಾದರೂ ತಿರುವಿ ನೋಡಬಹುದು ಎಂಬುದು ನೆನಪಿರಲಿ.

ಹಂತ 4: ದಾಖಲೆ ಕೇಳಿದರೆ

ಎಲ್ಲಕ್ಕಿಂತ ಜಾಸ್ತಿ ಎಡವುವುದು ಇಲ್ಲಿ. ಎಚ್‌ಆರ್ "ಪ್ರೂಫ್ ಅಪ್‌ಲೋಡ್ ಮಾಡಿ" ಅನ್ನುತ್ತದೆ, ಇವರು ಕೋರ್ಟ್ ನೋಟಿಸನ್ನು ಫೋಟೋ ಹೊಡೆದು ಹಾಗೇ ಹಾಕಿಬಿಡುತ್ತಾರೆ. ಅದರಲ್ಲಿ ಇಬ್ಬರ ಹೆಸರು, ವಿಳಾಸ, ಕೇಸ್ ನಂಬರ್ ಎಲ್ಲ ಇರುತ್ತದೆ.

ಕೇಸ್ ನಂಬರನ್ನು ಲಘುವಾಗಿ ನೋಡಬೇಡಿ. ಅದು ಬರೀ ಅಂಕಿಯಲ್ಲ. ಅದರ ಮುಂದೆ "ಎಂ.ಸಿ." ಅಂತ ಇದ್ದರೆ ಅದು ವೈವಾಹಿಕ ಪ್ರಕರಣ. "ಜಿ ಅಂಡ್ ಡಬ್ಲ್ಯೂ.ಸಿ." ಇದ್ದರೆ ಮಗುವಿನ ಪಾಲನೆಯದ್ದು. ಇದು ಗೊತ್ತಿದ್ದವರಿಗೆ ಎರಡು ಅಕ್ಷರವೇ ಸಾಕು. ಗೊತ್ತಿಲ್ಲದವರೂ ಇ-ಕೋರ್ಟ್ಸ್ ಜಾಲತಾಣದಲ್ಲಿ ಆ ನಂಬರ್ ಹಾಕಿ ಯಾರ ಕೇಸು, ಮುಂದಿನ ದಿನಾಂಕ ಯಾವುದು ಅಂತ ಹುಡುಕಬಹುದು. 16 ಅಕ್ಷರದ ಸಿಎನ್‌ಆರ್ ಸಂಖ್ಯೆಯೂ ಅಷ್ಟೇ. ಅದು ಪ್ರತಿ ಕೇಸಿಗೆ ಕೊಡುವ ಗುರುತಿನ ಸಂಖ್ಯೆ.

ಹಾಗಾದರೆ ಏನು ಕೊಡುವುದು? ಆ ದಿನ ಹೊರಡುವ ಮುಂಚೆಯೇ ಮೀಡಿಯೇಷನ್ ಕೇಂದ್ರದಲ್ಲಿ ಹಾಜರಾತಿ ಪತ್ರ ಕೇಳಿ. "ಇಂಥ ದಿನ ಇವರು ಇಲ್ಲಿಗೆ ಬಂದಿದ್ದರು" ಎನ್ನುವ ನಾಲ್ಕು ಸಾಲು, ಸೀಲು, ಸಹಿ. ಎರಡು ದಿನ ಬಿಟ್ಟು ಕೇಳಿದರೆ ಅದಕ್ಕೇ ಇನ್ನೊಂದು ರಜೆ ಹಾಕಬೇಕಾದೀತು. ಮೀಡಿಯೇಷನ್ ಕೇಂದ್ರದ ಕಾಗದದಲ್ಲಿ ಒಂದು ಲಾಭವಿದೆ. ಬೆಂಗಳೂರಿನದ್ದನ್ನೇ ನೋಡಿ, ಸಿದ್ದಯ್ಯ ರಸ್ತೆಯ ನ್ಯಾಯ ದೇಗುಲದಲ್ಲಿರುವ ಬೆಂಗಳೂರು ಮಧ್ಯಸ್ಥಿಕೆ ಕೇಂದ್ರ 2007ರಿಂದ ನಡೆಯುತ್ತಿದೆ. ಅಲ್ಲಿಗೆ ಬರುವುದು ಗಂಡ ಹೆಂಡಿರ ಕೇಸು ಮಾತ್ರವಲ್ಲ. ಆಸ್ತಿ ಪಾಲು, ಹಣದ ವ್ಯವಹಾರ, ಚೆಕ್ ಬೌನ್ಸ್, ಎಲ್ಲವೂ ಬರುತ್ತವೆ. ಆದ್ದರಿಂದ "ಮಧ್ಯಸ್ಥಿಕೆ ಕೇಂದ್ರ" ಎಂಬ ಹೆಸರು ಫ್ಯಾಮಿಲಿ ಕೋರ್ಟ್ ಎಂಬ ಹೆಸರಿನಷ್ಟು ಬಾಯಿ ಬಿಡುವುದಿಲ್ಲ. ಕೇಸ್ ನಂಬರ್ ಹಾಕದೆ ಕೊಡಲು ಸಾಧ್ಯವೇ ಅಂತ ಕೇಳಿ ನೋಡಿ. ಆಗುವುದಿಲ್ಲ ಅಂದರೆ ನಿಮ್ಮ ವಕೀಲರಿಂದ ಒಂದು ಪತ್ರ ತೆಗೆದುಕೊಳ್ಳಿ: ನನ್ನ ಕಕ್ಷಿದಾರರು ಇಂಥ ದಿನ ಕಾನೂನು ಕಲಾಪಕ್ಕೆ ಖುದ್ದಾಗಿ ಹಾಜರಿದ್ದರು, ಅಷ್ಟು.

ಮೂಲ ಕಾಗದವನ್ನೇ ತೋರಿಸಬೇಕಾಗಿ ಬಂದರೆ ಜೆರಾಕ್ಸ್ ತೆಗೆದು, ಅದರ ಮೇಲೆ ಎದುರು ಪಕ್ಷದ ಹೆಸರು ಮತ್ತು ಕೇಸ್ ನಂಬರನ್ನು ಕಪ್ಪು ಮಾರ್ಕರ್‌ನಲ್ಲಿ ಮುಚ್ಚಿ, ಅದನ್ನು ಮತ್ತೊಮ್ಮೆ ಜೆರಾಕ್ಸ್ ಮಾಡಿಸಿ. ಒಂದೇ ಸಲ ಮಾಡಿದರೆ ಬೆಳಕಿಗೆ ಹಿಡಿದಾಗ ಒಳಗಿನ ಅಕ್ಷರ ಕಾಣುತ್ತದೆ. ನಿಮ್ಮ ಹೆಸರು, ದಿನಾಂಕ, ಸೀಲು ಕಾಣುತ್ತಿರಲಿ. ಪಕ್ಕದಲ್ಲಿ "ಖಾಸಗಿ ವಿವರ ಮುಚ್ಚಿದೆ" ಅಂತ ಬರೆಯಿರಿ. ಮುಚ್ಚುವುದು ಬೇರೆ, ತಿದ್ದುವುದು ಬೇರೆ. ಕಂಪ್ಯೂಟರಿನಲ್ಲಿ "ಕೌಟುಂಬಿಕ" ಪದವನ್ನು ಅಳಿಸಿ, ಅದು ಅಲ್ಲಿ ಇರಲೇ ಇಲ್ಲ ಎನ್ನುವಂತೆ ಮಾಡಿದರೆ ಅದು ನ್ಯಾಯಾಲಯದ ದಾಖಲೆ ತಿದ್ದಿದಂತೆ. ಆ ದಾರಿಗೆ ಹೋಗಲೇಬೇಡಿ.

ಸಾಧ್ಯವಾದರೆ ಅಪ್‌ಲೋಡ್ ಮಾಡದೆ ಎಚ್‌ಆರ್‌ನಲ್ಲಿ ಒಬ್ಬರಿಗೆ ತೋರಿಸಿ ವಾಪಸ್ ಇಸಿದುಕೊಳ್ಳಿ. "ಮೇಡಂ, ಇದರಲ್ಲಿ ಬೇರೆಯವರ ಹೆಸರೂ ಇದೆ, ತೋರಿಸ್ತೀನಿ, ಪೋರ್ಟಲ್‌ಗೆ ಹಾಕೋದು ಬೇಡ" ಅಂದರೆ ಹೆಚ್ಚಿನವರು ಒಪ್ಪುತ್ತಾರೆ. ಬೇಕಿದ್ದರೆ ಫ್ಯಾಮಿಲಿ ಕೋರ್ಟ್ಸ್ ಕಾಯ್ದೆ, 1984ರ ಆಧಾರವೂ ಇದೆ. ಅದರ 11ನೇ ಸೆಕ್ಷನ್ ಪ್ರಕಾರ ಯಾವುದೇ ಒಂದು ಪಕ್ಷ ಬಯಸಿದರೂ ಕಲಾಪವನ್ನು ಮುಚ್ಚಿದ ಬಾಗಿಲ ಹಿಂದೆ ನಡೆಸಬೇಕು. ಕೋರ್ಟೇ ಇಷ್ಟು ಗುಟ್ಟಾಗಿ ಇಡುವ ವಿಷಯ ಪೋರ್ಟಲ್‌ನಲ್ಲಿ ಇರಬೇಕಿಲ್ಲ, ಅಲ್ವಾ?

ಹಂತ 5: ಸೋರುವ ಜಾಗಗಳನ್ನು ಮುಚ್ಚಿ

ರಜೆ ಪೋರ್ಟಲ್‌ನ ಕಾರಣದ ಕಾಲಂ ಯಾರಿಗೆಲ್ಲ ಕಾಣುತ್ತದೆ ಅಂತ ಮೊದಲು ನೋಡಿ. ಕೆಲವು ಕಡೆ ರಜೆ ಹಾಕಿದ ಕೂಡಲೇ ಇಡೀ ಟೀಮಿಗೆ ಕಾರಣದ ಸಮೇತ ಮೇಲ್ ಹೋಗುತ್ತದೆ. ಹಿಂದೆ ಸಹೋದ್ಯೋಗಿ ರಜೆ ಹಾಕಿದಾಗ ನಿಮಗೆ ಏನು ಬಂದಿತ್ತು ಅಂತ ಇನ್‌ಬಾಕ್ಸ್‌ನಲ್ಲಿ ಹುಡುಕಿ ನೋಡಿದರೆ ಗೊತ್ತಾಗುತ್ತದೆ.

ಆಫೀಸ್ ಕ್ಯಾಲೆಂಡರಿನಲ್ಲಿ "ಮೀಡಿಯೇಷನ್ 11 ಗಂಟೆ" ಅಂತ ಬರೆದಿಟ್ಟು, ಅದು ಟೀಮಿಗೆಲ್ಲ ಕಾಣುತ್ತಿದೆ ಅಂತ ಗೊತ್ತೇ ಇಲ್ಲದವರಿದ್ದಾರೆ. ಅಲ್ಲಿ "ರಜೆ" ಅಂತಷ್ಟೇ ಇರಲಿ. ವಕೀಲರಿಗೆ ಆಫೀಸ್ ಮೇಲ್ ವಿಳಾಸ ಕೊಟ್ಟಿದ್ದರೆ ಇವತ್ತೇ ಬದಲಿಸಿ, ಆಫೀಸ್ ಸಿಮ್ ನಂಬರ್ ಕೊಟ್ಟಿದ್ದರೂ ಅಷ್ಟೇ. ಕೋರ್ಟಿಗೆ ಹಾಕುವ ಅರ್ಜಿಯ ಕರಡನ್ನು ಆಫೀಸ್ ಪ್ರಿಂಟರ್‌ಗೆ ಕೊಟ್ಟು ಮರೆತು ಬಂದರೆ ಏನಾಗುತ್ತದೆ ಅಂತ ನಾನು ಬಿಡಿಸಿ ಹೇಳಬೇಕಿಲ್ಲ.

ವಿಡಿಯೋ ಮೂಲಕ ಮೀಡಿಯೇಷನ್ ಇದ್ದರೆ ರಜೆಯೇ ಬೇಡ, ಆಫೀಸಿನ ಮೀಟಿಂಗ್ ರೂಮಿನಲ್ಲೇ ಕೂತು ಮುಗಿಸುತ್ತೇನೆ ಅಂದುಕೊಳ್ಳಬೇಡಿ. ಗಾಜಿನ ಕೋಣೆ, ತೆಳು ಗೋಡೆ, ಕಂಪನಿಯ ಲ್ಯಾಪ್‌ಟಾಪ್. ಮೀಡಿಯೇಷನ್‌ನಲ್ಲಿ ಆಡಿದ ಮಾತು ಎರಡೂ ಕಡೆಯವರು ಗುಟ್ಟಾಗಿ ಇಡಬೇಕಾದದ್ದು. ಪಕ್ಕದ ಕೋಣೆಯವರಿಗೆ ಕೇಳಿಸಿದರೆ ನಿಯಮ ಮುರಿದಂತೆಯೇ. ಆ ದಿನವೂ ರಜೆ ಹಾಕಿ ಮನೆಯಲ್ಲಿ ಕೂರಿ.

ಇನ್ನೊಂದು ಸೋರುವ ಜಾಗ ಸಂಬಳದ ಕಾಗದ. ಜೀವನಾಂಶದ ಮಾತು ಇದ್ದರೆ ಇಬ್ಬರೂ ಆದಾಯ ಮತ್ತು ಆಸ್ತಿಯ ಅಫಿಡವಿಟ್ ಸಲ್ಲಿಸಬೇಕು ಅಂತ ಸುಪ್ರೀಂ ಕೋರ್ಟ್ 2020ರಲ್ಲಿ ರಜನೀಶ್ ವಿರುದ್ಧ ನೇಹಾ ಪ್ರಕರಣದಲ್ಲಿ ಹೇಳಿದೆ. ಅದಕ್ಕಾಗಿ ಎಚ್‌ಆರ್ ಹತ್ತಿರ ಹೋಗಿ "ಕೋರ್ಟಿಗೆ ಸ್ಯಾಲರಿ ಸರ್ಟಿಫಿಕೇಟ್ ಬೇಕು" ಅನ್ನಬೇಡಿ. ಪೇಸ್ಲಿಪ್, ಫಾರ್ಮ್ 16 ಪೋರ್ಟಲ್‌ನಿಂದ ನೀವೇ ಇಳಿಸಿಕೊಳ್ಳಬಹುದು.

ಹಂತ 6: ಬಾಯಿ ಮಾತಿಗೆ ತಯಾರಿ

ಪತ್ರ ಎಷ್ಟು ಚೆನ್ನಾಗಿ ಬರೆದರೂ ಕ್ಯಾಂಟೀನಿನಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. "ಏನ್ ಮೇಡಂ, ಮಂಗಳವಾರ ಮಂಗಳವಾರ ಕಾಣೋದೇ ಇಲ್ಲ?" ಒಂದು ಉತ್ತರ ಮೊದಲೇ ಇಟ್ಟುಕೊಳ್ಳಿ, ಎಲ್ಲರಿಗೂ ಅದನ್ನೇ ಹೇಳಿ: "ಒಂದು ಸ್ವಂತ ಕೆಲಸ ಇತ್ತು, ಓಡಾಟ." ಮುಂದಿನ ಪ್ರಶ್ನೆ "ಆಸ್ತಿ ವಿಷಯಾನಾ?" ಅಂತ ಬಂದರೆ ಹೌದು ಅನ್ನುವ ಆಸೆಯಾಗುತ್ತದೆ. ಅನ್ನಬೇಡಿ. ಯಾವ ಊರಲ್ಲಿ, ಎಷ್ಟು ಎಕರೆ ಅಂತ ಅವರು ಮುಂದುವರಿಸುತ್ತಾರೆ. "ಮುಗಿದ್ಮೇಲೆ ಹೇಳ್ತೀನಿ ಬಿಡಿ" ಅಂದು ಮಾತು ತಿರುಗಿಸಿ.

ಆದರೆ ಎರಡು ಸಂದರ್ಭದಲ್ಲಿ ಗುಟ್ಟು ಮುರಿಯಬೇಕು. ಸಂಗಾತಿ ಆಫೀಸಿಗೆ ಬಂದು ಗಲಾಟೆ ಮಾಡುವ ಭಯವಿದ್ದರೆ ಎಚ್‌ಆರ್‌ನಲ್ಲಿ ಒಬ್ಬರಿಗಾದರೂ ಮೊದಲೇ ಹೇಳಿ. ಇನ್ನೊಂದು, ನೀವು ಸರ್ಕಾರಿ ನೌಕರರಾಗಿದ್ದು ಇದರ ಜೊತೆ ಕ್ರಿಮಿನಲ್ ಕೇಸೂ ಇದ್ದರೆ, ಅದನ್ನು ಇಲಾಖೆಗೆ ತಿಳಿಸುವ ವಿಷಯ ಬೇರೆಯೇ. ರಜೆ ಪತ್ರ ಬರೆಯುವ ಮುಂಚೆ ವಕೀಲರನ್ನು ಕೇಳಿ.

ರಜೆ ಸಿಗದಿದ್ದರೆ

ಸುಮ್ಮನೆ ಹೋಗದೆ ಇರಬೇಡಿ. ಯಾರು ಬಂದರು, ಯಾರು ಬರಲಿಲ್ಲ ಎಂಬುದು ಕೋರ್ಟಿಗೆ ತಿಳಿಯುತ್ತದೆ. ಎರಡು ಮೂರು ದಿನ ಮುಂಚೆಯೇ ವಕೀಲರ ಮೂಲಕ ಬೇರೆ ದಿನ ಕೇಳಿಸಿ. ನಿಮ್ಮ ಬದಲು ಅಕ್ಕನನ್ನೋ ಮಾವನನ್ನೋ ಕಳಿಸಿದರೆ ಆಗುವುದಿಲ್ಲ, ಮಾತಾಡಬೇಕಾದವರು ನೀವು, ಸಹಿ ನಿಮ್ಮದು. ಇನ್ನು ಕೊನೆ ಗಳಿಗೆಯಲ್ಲಿ ಆ ಕಡೆಯವರು ಬರದೆ ವಾಯಿದೆ ಮುಂದಕ್ಕೆ ಹೋದರೆ ಮ್ಯಾನೇಜರ್‌ಗೆ "ಕೆಲಸ ಮುಂದಕ್ಕೆ ಹೋಯ್ತು, ಇನ್ನೊಂದು ದಿನ ಬೇಕಾಗುತ್ತೆ" ಅಂತ ಅಂದೇ ಸಂಜೆ ಒಂದು ಸಾಲು ಹಾಕಿ.

ಶೈಲಾ ಅವರ ಕೇಸಿನಲ್ಲಿ ಆಗಸ್ಟ್ 11ಕ್ಕೆ ಕರಾರಿಗೆ ಸಹಿ ಬಿತ್ತು ಅಂದುಕೊಳ್ಳಿ. ಅಲ್ಲಿಗೆ ರಜೆ ಮುಗಿಯಲಿಲ್ಲ. ಆ ಕರಾರನ್ನು ಜಡ್ಜ್ ಮುಂದೆ ದಾಖಲಿಸಲು ಕನಿಷ್ಠ ಒಂದು ಕೋರ್ಟ್ ವಾಯಿದೆ ಇರುತ್ತದೆ, ಅದಕ್ಕೊಂದು ಸಿಎಲ್ ಉಳಿಸಿಕೊಂಡಿರಿ. ಮುಂದೆ ವಿಚ್ಛೇದನದ ಆದೇಶ ಬಂದರೆ ಆಫೀಸಿನ ಆರೋಗ್ಯ ವಿಮೆಯಲ್ಲಿ ಸಂಗಾತಿಯ ಹೆಸರು ತೆಗೆಸಬೇಕು, ಪಿಎಫ್ ನಾಮಿನಿ ಬದಲಿಸಬೇಕು. ಆಗ ಎಚ್‌ಆರ್‌ಗೆ ಗೊತ್ತಾಗುವುದು ತಪ್ಪುವುದಿಲ್ಲ. ಅಷ್ಟು ಹೊತ್ತಿಗೆ ಕೇಸ್ ಮುಗಿದಿರುತ್ತದೆ, ಫಾರಂನಲ್ಲಿ ತುಂಬಬೇಕಾದದ್ದೂ ಒಂದು ಕಾಲಂ ಮಾತ್ರ.